ಬಡ್ತಿ ಪಡೆದ ಸಹೋದ್ಯೋಗಿಗೆ ಅಭಿನಂದನೆಯ ಇಮೇಲ್: ಮೂರು ಕರಡುಗಳಲ್ಲಿ ಯಾವುದು ಸರಿ?

ಸರ್ಕಾರಿ ಸ್ವಾಮ್ಯದ ಬ್ಯಾಂಕುಗಳಲ್ಲಿ ಗುಮಾಸ್ತರಿಂದ ಅಧಿಕಾರಿ ಹುದ್ದೆಗೆ ಆಯ್ಕೆಯಾದವರ ಪಟ್ಟಿ ಸುತ್ತೋಲೆಗೆ ಲಗತ್ತಾಗಿ ಬರುತ್ತದೆ. ಅದು ಬಂದ ಅರ್ಧ ಗಂಟೆಯೊಳಗೆ ವಾಟ್ಸಾಪ್ ಗುಂಪುಗಳಲ್ಲಿ ಹೂಗುಚ್ಛದ ಚಿತ್ರಗಳು ತುಂಬಿಕೊಳ್ಳುತ್ತವೆ. ಆ ಗದ್ದಲ ಇಳಿದ ಮೇಲೆ, ಹತ್ತಿರದಿಂದ ಬಲ್ಲ ಸಹೋದ್ಯೋಗಿಗೆ ಬೇರೆಯಾಗಿ ನಾಲ್ಕು ಸಾಲು ಬರೆಯಬೇಕೆಂದು ಮನಸ್ಸಿಗೆ ಬರುತ್ತದೆ. ಆದರೆ ಬರೆಯಲು ಕುಳಿತರೆ ಕೈ ಕಟ್ಟಿದಂತಾಗುತ್ತದೆ, ಏಕೆಂದರೆ ನಮಗೆ ಚೆನ್ನಾಗಿ ಅಭ್ಯಾಸವಾಗಿರುವುದು ಕಚೇರಿ ಪತ್ರದ ಕನ್ನಡ ಮತ್ತು ಊಟದ ಬಿಡುವಿನಲ್ಲಿ ಆಡುವ ಮಾತಿನ ಕನ್ನಡ ಮಾತ್ರ. ಈ ಸಂದರ್ಭಕ್ಕೆ ಮೊದಲನೆಯದು ತಣ್ಣಗಿರುತ್ತದೆ, ಎರಡನೆಯದು ಸಲುಗೆಯಾಗುತ್ತದೆ. ಎರಡರ ನಡುವಿನ ಮೂರನೆಯ ದಾರಿಯನ್ನು ಒಂದು ಉದಾಹರಣೆಯ ಮೂಲಕ ಇಲ್ಲಿ ಹೋಲಿಸಿ ನೋಡುತ್ತೇನೆ.

ಉದಾಹರಣೆಯ ಸಹೋದ್ಯೋಗಿಯನ್ನು ಸವಿತಾ ಎಂದು ಕರೆಯೋಣ. ಇದು ಅನುಕೂಲಕ್ಕಾಗಿ ಇಟ್ಟ ಹೆಸರು. ಅವರು ತಾಲ್ಲೂಕು ಕೇಂದ್ರದ ಶಾಖೆಯೊಂದರಲ್ಲಿ ಹನ್ನೆರಡು ವರ್ಷ ಗುಮಾಸ್ತರಾಗಿ ದುಡಿದವರು, ಎರಡು ಮಕ್ಕಳ ತಾಯಿ, ರಾತ್ರಿ ಓದಿ ಜೆಎಐಐಬಿ ಪರೀಕ್ಷೆಯನ್ನು ಪಾಸು ಮಾಡಿಕೊಂಡವರು. ಈಗ ಲಿಖಿತ ಪರೀಕ್ಷೆ ಮತ್ತು ಸಂದರ್ಶನ ಎರಡನ್ನೂ ದಾಟಿ ಸ್ಕೇಲ್ ಒನ್ ಅಧಿಕಾರಿಯಾಗಿ ಆಯ್ಕೆಯಾಗಿದ್ದಾರೆ. ಪತ್ರ ಬರೆಯುವವರು ಐದು ವರ್ಷ ಅವರ ಪಕ್ಕದ ಕೌಂಟರಿನಲ್ಲಿದ್ದು, ಈಗ ಬೇರೊಂದು ಶಾಖೆಯಲ್ಲಿ ಅಧಿಕಾರಿಯಾಗಿರುವವರು. ಇಬ್ಬರೂ ಪರಸ್ಪರ ‘ನೀವು’ ಎಂದೇ ಮಾತನಾಡಿಕೊಂಡು ಬಂದವರು.

ಕಚೇರಿ ಪತ್ರದ ಅಭ್ಯಾಸದಿಂದ ಹುಟ್ಟುವ ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

“ಮಾನ್ಯರೇ,
ವಿಷಯ: ಪದೋನ್ನತಿಗೆ ಅಭಿನಂದನೆ ಸಲ್ಲಿಸುವ ಕುರಿತು.
ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ತಾವು ಅಧಿಕಾರಿ ಶ್ರೇಣಿಗೆ ಪದೋನ್ನತಿ ಹೊಂದಿರುವುದು ಅತೀವ ಸಂತಸದ ಸಂಗತಿಯಾಗಿರುತ್ತದೆ. ಈ ಸಂದರ್ಭದಲ್ಲಿ ತಮಗೆ ಹಾರ್ದಿಕ ಅಭಿನಂದನೆಗಳನ್ನು ಸಲ್ಲಿಸುತ್ತಾ, ತಮ್ಮ ಮುಂದಿನ ಸೇವಾವಧಿಯು ಯಶಸ್ವಿಯಾಗಲೆಂದು ಹಾರೈಸಲಾಗಿದೆ.
ತಮ್ಮ ವಿಶ್ವಾಸಿ”

ಇದರಲ್ಲಿ ವ್ಯಾಕರಣದ ತಪ್ಪಿಲ್ಲ, ಮರ್ಯಾದೆಗೂ ಕೊರತೆಯಿಲ್ಲ. ಆದರೆ ‘ಹಾರೈಸಲಾಗಿದೆ’ ಎಂಬ ಕ್ರಿಯಾಪದವನ್ನು ಗಮನಿಸಿ. ಯಾರು ಹಾರೈಸಿದರು ಎಂಬುದನ್ನು ಆ ವಾಕ್ಯ ಹೇಳುವುದೇ ಇಲ್ಲ. ಸುತ್ತೋಲೆಗಳಲ್ಲಿ ‘ಸೂಚಿಸಲಾಗಿದೆ’, ‘ಆದೇಶಿಸಲಾಗಿದೆ’ ಎಂದು ಬರೆಯುವುದಕ್ಕೆ ಕಾರಣವಿದೆ, ಅಲ್ಲಿ ಮಾತನಾಡುತ್ತಿರುವುದು ವ್ಯಕ್ತಿಯಲ್ಲ, ಕಚೇರಿ. ಹಾರೈಕೆಗೆ ಅದೇ ರೂಪವನ್ನು ತೊಡಿಸಿದಾಗ ಹಾರೈಸುವವರು ಪತ್ರದಿಂದ ಮಾಯವಾಗುತ್ತಾರೆ. ‘ಸಂಗತಿಯಾಗಿರುತ್ತದೆ’ ಎಂಬುದರಲ್ಲಿಯೂ ಇದೇ ತೊಂದರೆಯಿದೆ. ಸಂತೋಷವಾದವರು ‘ಸಂತೋಷವಾಯಿತು’ ಎನ್ನುತ್ತಾರೆ. ಸಂತಸದ ಸಂಗತಿಯಾಗಿರುತ್ತದೆ ಎಂದಾಗ ಅದು ಕಡತದ ಟಿಪ್ಪಣಿಯಂತೆ ಕೇಳುತ್ತದೆ. ಈ ಕರಡಿನ ದೊಡ್ಡ ಕೊರತೆ ಇನ್ನೊಂದಿದೆ: ಸವಿತಾ ಅವರ ಬದಲು ಪಟ್ಟಿಯಲ್ಲಿರುವ ಬೇರೆ ಯಾರ ಹೆಸರನ್ನು ಹಾಕಿದರೂ ಇದರಲ್ಲಿ ಒಂದಕ್ಷರ ಬದಲಿಸಬೇಕಾಗಿಲ್ಲ.

ಮಾತಿನ ಅಭ್ಯಾಸದಿಂದ ಬರುವ ಎರಡನೆಯ ಕರಡು ಇದು:

“ಸವಿತಾ, ಕಂಗ್ರಾಟ್ಸ್! ಕೊನೆಗೂ ಬಂತಲ್ಲ ಪ್ರಮೋಷನ್! ನಮ್ಮ ಹುಡುಗಿ ಆಫೀಸರ್ ಆಗಿಬಿಟ್ಟಳು. ಇನ್ನು ಮೇಲೆ ಮೇಡಂ ಅನ್ನಬೇಕೇನೋ. ಪಾರ್ಟಿ ಯಾವಾಗ? ಎಲ್ಲಿಗೆ ಎತ್ತಿ ಹಾಕ್ತಾರೋ ಏನೋ, ಮಕ್ಕಳನ್ನ ಏನು ಮಾಡ್ತೀರಿ?”

ಇದರಲ್ಲಿ ಪ್ರೀತಿಯಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಎದುರಿಗೆ ನಿಂತು, ನಗುತ್ತಾ ಆಡಿದ್ದರೆ ಇದೇ ಮಾತು ಇಷ್ಟವಾಗುತ್ತಿತ್ತೋ ಏನೋ. ಬರಹದಲ್ಲಿ ದನಿಯೂ ಇಲ್ಲ, ಮುಖವೂ ಇಲ್ಲ, ಪದಗಳು ಮಾತ್ರ ಉಳಿಯುತ್ತವೆ. ‘ಕೊನೆಗೂ’ ಎಂಬ ಒಂದು ಪದ ಹಿಂದಿನ ಬಾರಿ ಆಯ್ಕೆಯಾಗದೇ ಹೋದದ್ದನ್ನು ನೆನಪಿಸುತ್ತದೆ. ಹಲವು ವರ್ಷಗಳ ಹಿಂದೆ ನಾನೇ ಒಬ್ಬ ಹಿರಿಯ ಸಹೋದ್ಯೋಗಿಗೆ ‘ಕೊನೆಗೂ ನ್ಯಾಯ ಸಿಕ್ಕಿತು’ ಎಂದು ಬರೆದಿದ್ದೆ. ಅವರ ಪರವಾಗಿ ಮಾತನಾಡುತ್ತಿದ್ದೇನೆ ಎಂದೇ ಆಗ ಅಂದುಕೊಂಡಿದ್ದೆ. ಅವರು ಬಹಳ ದಿನಗಳ ನಂತರ, ಬೇಸರ ತೋರಿಸದೆಯೇ, ಆ ಪತ್ರವನ್ನು ಮನೆಯವರಿಗೆ ತೋರಿಸಲು ಮನಸ್ಸಾಗಲಿಲ್ಲ ಎಂದರು, ಏಕೆಂದರೆ ಹಿಂದಿನ ಎರಡು ಬಾರಿ ಸಂದರ್ಶನದಲ್ಲಿ ಉಳಿದುಹೋದ ಸಂಗತಿಯನ್ನು ಅವರು ಮನೆಯಲ್ಲಿ ಹೇಳಿಯೇ ಇರಲಿಲ್ಲ. ಅಂದಿನಿಂದ ನಾನು ಅಭಿನಂದನೆಯ ಪತ್ರದಲ್ಲಿ ಹಿಂದಿನ ಪ್ರಯತ್ನಗಳ ಎಣಿಕೆಗೆ ಕೈ ಹಾಕುವುದಿಲ್ಲ.

‘ನಮ್ಮ ಹುಡುಗಿ’ ಎಂಬುದು ಹನ್ನೆರಡು ವರ್ಷ ಕೆಲಸ ಮಾಡಿದವರನ್ನು ಕಿರಿದು ಮಾಡುತ್ತದೆ. ಮಕ್ಕಳನ್ನು ಏನು ಮಾಡುತ್ತೀರಿ ಎಂಬ ಪ್ರಶ್ನೆಯನ್ನು ಬಡ್ತಿ ಪಡೆದ ಗಂಡಸರಿಗೆ ಯಾರೂ ಕೇಳಿದ್ದನ್ನು ನಾನು ನೋಡಿಲ್ಲ. ಆ ಚಿಂತೆ ಸವಿತಾ ಅವರಿಗೆ ಈಗಾಗಲೇ ಇದ್ದೇ ಇರುತ್ತದೆ, ಅಭಿನಂದಿಸಲು ಬಂದವರು ಅದನ್ನು ಮತ್ತೆ ಕೆದಕಬೇಕಾಗಿಲ್ಲ.

ಮೂರನೆಯ ಕರಡಿಗೆ ಬರುವ ಮೊದಲು, ಪದಗಳ ಕೆಲವು ಆಯ್ಕೆಗಳನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಕನ್ನಡದಲ್ಲಿ ಮರ್ಯಾದೆ ಮತ್ತು ಆಪ್ತತೆಗಳೆರಡೂ ಬಹುಪಾಲು ಈ ಚಿಕ್ಕ ಪದಗಳಲ್ಲಿಯೇ ಇರುತ್ತವೆ.

ಅಭಿನಂದನೆಯೋ, ಶುಭಾಶಯವೋ?

ಅಭಿನಂದನೆ ಆಗಿಹೋದ ಸಾಧನೆಗೆ ಸಲ್ಲುವಂಥದ್ದು. ಶುಭಾಶಯ, ಹಾರೈಕೆಗಳು ಮುಂದೆ ಒಳ್ಳೆಯದಾಗಲಿ ಎಂಬ ಆಸೆಗೆ ಸಂಬಂಧಿಸಿದವು. ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಶುಭಾಶಯ ಹೇಳುತ್ತೇವೆ, ಏಕೆಂದರೆ ಅಲ್ಲಿ ಅವರು ಗೆದ್ದದ್ದು ಏನೂ ಇಲ್ಲ. ಬಡ್ತಿಯಲ್ಲಿ ಪರೀಕ್ಷೆ ಪಾಸಾದದ್ದೂ ಇದೆ, ಮುಂದಿನ ಹೊಣೆಯೂ ಇದೆ. ಆದ್ದರಿಂದ ಎರಡೂ ಪದಗಳಿಗೆ ಜಾಗವಿದೆ, ಆದರೆ ಅವುಗಳ ಸ್ಥಾನ ಬೇರೆ: ಆಯ್ಕೆಯ ಮಾತಿನ ಜೊತೆ ಅಭಿನಂದನೆ, ಹೊಸ ಹುದ್ದೆಯ ಮಾತಿನ ಜೊತೆ ಹಾರೈಕೆ. ‘ಬಡ್ತಿಯ ಶುಭಾಶಯಗಳು’ ಎಂದಷ್ಟೇ ಬರೆದರೆ ಅವರು ಪಟ್ಟ ಶ್ರಮ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು ಎಚ್ಚರವೂ ಬೇಕು: ಅವಸರದಲ್ಲಿ ಕೆಲವರು ‘ಅಭಿವಂದನೆಗಳು’ ಎಂದು ಬರೆಯುತ್ತಾರೆ. ಅದು ಗೌರವದಿಂದ ನಮಸ್ಕರಿಸುವುದು, ಅಭಿನಂದಿಸುವುದಲ್ಲ. ‘ಹೃತ್ಪೂರ್ವಕ’ ಮತ್ತು ‘ಹಾರ್ದಿಕ’ ಎರಡಕ್ಕೂ ಮನಸಾರೆ ಎಂಬ ಒಂದೇ ಅರ್ಥವಿರುವುದರಿಂದ ಒಂದು ಸಾಕು.

ಬಡ್ತಿ, ಮುಂಬಡ್ತಿ, ಪದೋನ್ನತಿ

ಪದೋನ್ನತಿ ಆದೇಶಗಳ ಪದ. ‘ಮುಂಬಡ್ತಿ’ ಸರ್ಕಾರಿ ಇಲಾಖೆಗಳಲ್ಲಿ ಹೆಚ್ಚು ಬಳಕೆಯಲ್ಲಿದೆ, ಅದರ ಎದುರು ‘ಹಿಂಬಡ್ತಿ’ ಇರುವುದರಿಂದ ‘ಮುಂ’ ಎಂಬುದಕ್ಕೆ ಅಲ್ಲಿ ಕೆಲಸವಿದೆ. ಸಹೋದ್ಯೋಗಿಗೆ ಬರೆಯುವಾಗ ‘ಬಡ್ತಿ’ ಸಾಕು; ಅದು ಮಾತಿನಲ್ಲಿಯೂ ಬರಹದಲ್ಲಿಯೂ ಸಲ್ಲುವ ಪದ. ‘ಪ್ರಮೋಷನ್’ ಎಂದು ಬರೆದರೂ ತಪ್ಪಿಲ್ಲ, ಬ್ಯಾಂಕಿನ ಒಳಗೆ ಎಲ್ಲರ ಬಾಯಲ್ಲಿರುವುದು ಅದೇ. ಆದರೆ ಉಳಿದ ಪತ್ರವೆಲ್ಲ ಬರಹದ ಕನ್ನಡದಲ್ಲಿದ್ದು ಅದೊಂದೇ ಮಾತಿನ ಪದವಾದರೆ ಎದ್ದು ಕಾಣುತ್ತದೆ.

ಸರ್ಕಾರಿ ಇಲಾಖೆಯಲ್ಲಿರುವವರು ಇಲ್ಲಿ ಇನ್ನೊಂದನ್ನು ಪರಿಶೀಲಿಸಬೇಕು. ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ ನಿಯಮ 32ರ ಅಡಿಯಲ್ಲಿ ಮೇಲಿನ ಹುದ್ದೆಯ ಸ್ವತಂತ್ರ ಪ್ರಭಾರ ವಹಿಸಿಕೊಂಡವರು ಆ ಕುರ್ಚಿಯಲ್ಲಿ ಕುಳಿತಿರುತ್ತಾರೆ, ಬಾಗಿಲ ಫಲಕದಲ್ಲಿ ಅವರ ಹೆಸರೂ ಇರುತ್ತದೆ, ಆದರೆ ಅವರಿಗೆ ಬಡ್ತಿ ಆಗಿರುವುದಿಲ್ಲ. ಅವರಿಗೆ ‘ಬಡ್ತಿಗೆ ಅಭಿನಂದನೆ’ ಎಂದು ಬರೆದರೆ ಇಲ್ಲದ್ದನ್ನು ನೆನಪಿಸಿದಂತಾಗುತ್ತದೆ. ಅಲ್ಲಿ ‘ಹೊಸ ಹೊಣೆ ವಹಿಸಿಕೊಂಡ ಸಂದರ್ಭದಲ್ಲಿ’ ಎನ್ನುವುದು ಸರಿ.

ನೀವು, ತಾವು, ನೀನು

ಇದು ಅತಿ ಹೆಚ್ಚು ಜನ ಎಡವುವ ಜಾಗ. ‘ತಾವು’ ಎಂದರೆ ಹೆಚ್ಚು ಮರ್ಯಾದೆ, ಆದ್ದರಿಂದ ಅದೇ ಉತ್ತಮ ಎಂದು ಹಲವರು ತಿಳಿಯುತ್ತಾರೆ. ಆದರೆ ‘ತಾವು, ತಮ್ಮ, ತಮಗೆ’ ಎಂಬ ಪದಗಳಿಗೆ ಕನ್ನಡದಲ್ಲಿ ಇನ್ನೊಂದು ಕೆಲಸವೂ ಇದೆ: ವಾಕ್ಯದ ಕರ್ತೃವನ್ನೇ ಮತ್ತೆ ಸೂಚಿಸುವುದು. ಹೀಗಾಗಿ ‘ವ್ಯವಸ್ಥಾಪಕರು ತಮ್ಮ ಕೆಲಸವನ್ನು ಸದಾ ಹೊಗಳುತ್ತಿದ್ದರು’ ಎಂದು ಬರೆದರೆ, ವ್ಯವಸ್ಥಾಪಕರು ತಮ್ಮನ್ನೇ ಹೊಗಳಿಕೊಳ್ಳುತ್ತಿದ್ದರು ಎಂಬ ಅರ್ಥವೇ ಮೊದಲು ಬರುತ್ತದೆ. ‘ನಿಮ್ಮ ಕೆಲಸವನ್ನು’ ಎಂದರೆ ಯಾವ ಗೊಂದಲವೂ ಇಲ್ಲ. ಬೇರೆಯವರು ಅವರ ಬಗ್ಗೆ ಆಡಿದ ಒಳ್ಳೆಯ ಮಾತನ್ನು ತಲುಪಿಸುವುದು ಅಭಿನಂದನೆಯ ಪತ್ರದಲ್ಲಿ ಸಾಮಾನ್ಯವಾದ್ದರಿಂದ ಈ ತೊಡಕು ಮತ್ತೆ ಮತ್ತೆ ಎದುರಾಗುತ್ತದೆ.

ಸಮಾನ ಹುದ್ದೆಯವರಿಗೂ, ನಿಮಗಿಂತ ಕಿರಿಯರಿಗೂ, ಹೆಚ್ಚಿನ ಹಿರಿಯರಿಗೂ ಬರಹದಲ್ಲಿ ‘ನೀವು’ ಸಾಕಾದಷ್ಟು ಗೌರವವನ್ನು ಹೊತ್ತಿರುತ್ತದೆ. ನಿವೃತ್ತಿಯ ಅಂಚಿನಲ್ಲಿರುವ ಹಿರಿಯರಿಗೆ ಅಥವಾ ಮೊದಲಿನಿಂದಲೂ ‘ತಾವು’ ಎಂದೇ ಕರೆದುಕೊಂಡು ಬಂದವರಿಗೆ ‘ತಾವು’ ಬಳಸಿ. ಯಾವುದನ್ನು ಆರಿಸಿದರೂ ಕೊನೆಯವರೆಗೆ ಅದನ್ನೇ ಉಳಿಸಿಕೊಳ್ಳಬೇಕು. ‘ತಾವು’ ಎಂದು ಆರಂಭಿಸಿ ಎರಡನೆಯ ಪ್ಯಾರಾದಲ್ಲಿ ‘ನಿಮ್ಮ’ ಎಂದು ಇಳಿದ ಪತ್ರವನ್ನು ಓದಿದಾಗ, ಮೊದಲ ಪ್ಯಾರಾವನ್ನು ಎಲ್ಲಿಂದಲೋ ತಂದು ಅಂಟಿಸಿದ್ದಾರೆ ಎಂದು ತಿಳಿದುಬಿಡುತ್ತದೆ.

ವರ್ಷಗಳಿಂದ ‘ನೀನು’ ಎಂದು ಕರೆಯುತ್ತಿದ್ದ ಗೆಳೆಯರ ವಿಷಯದಲ್ಲಿ ನನ್ನ ಅಭಿಪ್ರಾಯ ಹೀಗಿದೆ. ಅವರೊಬ್ಬರಿಗೇ ಹೋಗುವ ಇಮೇಲಿನಲ್ಲಿ ‘ನೀನು’ ಎಂದೇ ಬರೆಯಿರಿ. ಬಡ್ತಿ ಬಂದ ದಿನವೇ ‘ನೀವು’ ಆರಂಭವಾದರೆ ಅವರಿಗೆ ನೋವಾಗುತ್ತದೆ. ಇತರರಿಗೂ ಪ್ರತಿ ಹೋಗುವ ಇಮೇಲಾದರೆ ‘ನೀವು’ ಎಂದೇ ಬರೆಯಿರಿ, ಏಕೆಂದರೆ ಅದನ್ನು ನಾಳೆ ಅವರ ಕೈಕೆಳಗೆ ಕೆಲಸ ಮಾಡುವವರೂ ಓದುತ್ತಾರೆ. ಸಂಬೋಧನೆಗೂ ಇದೇ ಲೆಕ್ಕ. ‘ಮಾನ್ಯರೇ’ ಎಂಬುದು ಅರ್ಜಿಗೆ ಸರಿ. ‘ಪ್ರಿಯ’ ಎಂಬುದು ವೈಯಕ್ತಿಕ ಪತ್ರಕ್ಕೆ ಒಪ್ಪುತ್ತದೆ, ಆದರೆ ಗಂಡಸರು ಮಹಿಳಾ ಸಹೋದ್ಯೋಗಿಗೆ ಬರೆಯುವಾಗ ಕೆಲವರಿಗೆ ಅದು ಮುಜುಗರ ತರುತ್ತದೆ. ‘ಆತ್ಮೀಯ ಸವಿತಾ ಅವರೇ’ ಎಂಬುದು ಹತ್ತಿರದ್ದೂ ಹೌದು, ಮರ್ಯಾದೆಯದ್ದೂ ಹೌದು. ಮಾತಿನಲ್ಲಿ ‘ಸವಿತಕ್ಕ’ ಎನ್ನುವ ರೂಢಿಯಿದ್ದರೆ ಅದನ್ನು ಎದುರಿಗೆ ಹೇಳಲು ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಬ್ಯಾಂಕಿನ ಇಮೇಲುಗಳು ಕಡತದಲ್ಲಿ ಉಳಿಯುತ್ತವೆ.

ಆಪ್ತತೆ ಎಲ್ಲಿಂದ ಬರಬೇಕು?

ಪದಗಳನ್ನು ಆರಿಸಿದ ಮೇಲೆ ನಡುವಿನ ಪ್ಯಾರಾದಲ್ಲಿ ಏನು ಬರೆಯಬೇಕೆಂಬ ಪ್ರಶ್ನೆ ಉಳಿಯುತ್ತದೆ. ಅಲ್ಲಿಯೂ ಎರಡು ದಾರಿಗಳಿವೆ: ಗುಣಗಳನ್ನು ಹೆಸರಿಸುವುದು, ಅಥವಾ ಕಂಡದ್ದನ್ನು ಹೇಳುವುದು. ‘ನಿಮ್ಮ ನಿಷ್ಠೆ, ಪ್ರಾಮಾಣಿಕತೆ, ಕಠಿಣ ಪರಿಶ್ರಮ ಮತ್ತು ಸಮರ್ಪಣಾ ಮನೋಭಾವಕ್ಕೆ ಸಂದ ಫಲ’ ಎಂಬ ಸಾಲು ಬೀಳ್ಕೊಡುಗೆಯ ಫಲಕದಲ್ಲಿಯೂ, ಸನ್ಮಾನ ಪತ್ರದಲ್ಲಿಯೂ ನಮಗೆ ಬಾಯಿಪಾಠವಾಗಿದೆ. ನಾಲ್ಕು ಗುಣಗಳನ್ನು ಹೇಳಿದರೂ ಓದುವವರ ಕಣ್ಣಿಗೆ ಏನೂ ಕಟ್ಟುವುದಿಲ್ಲ.

ಇದರ ಬದಲು ಅವರು ಕೆಲಸದಲ್ಲಿ ಮಾಡಿದ, ನೀವು ಕಣ್ಣಾರೆ ಕಂಡ ಒಂದೇ ಒಂದು ಸಂಗತಿಯನ್ನು ಬರೆಯಿರಿ. ಸವಿತಾ ಅವರ ಶಾಖೆಯಲ್ಲಿ ಪ್ರತಿ ನವೆಂಬರಿನಲ್ಲಿ ಪಿಂಚಣಿದಾರರು ಜೀವಿತ ಪ್ರಮಾಣಪತ್ರ ಕೊಡಲು ಸಾಲುಗಟ್ಟುತ್ತಾರೆ. ವಯಸ್ಸಾದವರ, ಹೊಲದಲ್ಲಿ ದುಡಿದವರ ಬೆರಳಿನ ಗೆರೆಗಳು ಸವೆದಿರುವುದರಿಂದ ಬೆರಳಚ್ಚಿನ ಯಂತ್ರ ಹಲವು ಬಾರಿ ಅವರನ್ನು ಗುರುತಿಸುವುದಿಲ್ಲ. ನಾಳೆ ಬನ್ನಿ ಎಂದು ಕಳುಹಿಸಿಬಿಡುವುದು ಸುಲಭ. ಸವಿತಾ ಅವರು ಅವರನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಕಾಗದದ ನಮೂನೆಯನ್ನು ತಾವೇ ತುಂಬಿ, ಸಹಿ ಹಾಕಿಸಿ, ಅಧಿಕಾರಿಯ ಬಳಿಗೆ ಒಯ್ಯುತ್ತಿದ್ದರು. ಪರೀಕ್ಷೆಯ ಅಂಕಪಟ್ಟಿಯಲ್ಲಿ ಇದು ಇರುವುದಿಲ್ಲ, ವಾರ್ಷಿಕ ವರದಿಯಲ್ಲಿಯೂ ಬಹುಶಃ ಇರುವುದಿಲ್ಲ. ಪಕ್ಕದ ಕೌಂಟರಿನವರಿಗೆ ಮಾತ್ರ ಗೊತ್ತಿರುವ ಸಂಗತಿ ಇದು, ಆದ್ದರಿಂದಲೇ ಅವರ ಪತ್ರದಲ್ಲಿ ಬರಬೇಕಾದದ್ದು.

ಸಂಗತಿಯನ್ನು ಆರಿಸುವಾಗ ಎರಡು ಮಿತಿಗಳನ್ನು ಪಾಲಿಸಬೇಕಾಗುತ್ತದೆ. ಗ್ರಾಹಕರ ಹೆಸರಾಗಲಿ, ಖಾತೆಯ ವಿವರವಾಗಲಿ ಸುಳಿಯಬಾರದು; ‘ಆ ದಿನ ಇಂಥವರ ಸಾಲದ ವಿಚಾರದಲ್ಲಿ ನೀವು ಎಷ್ಟು ಜಾಣ್ಮೆ ತೋರಿಸಿದಿರಿ’ ಎಂದು ಬರೆದರೆ ಹೊಗಳಿಕೆಯೊಳಗೇ ಗೋಪ್ಯತೆಯ ಉಲ್ಲಂಘನೆ ಸೇರಿಕೊಳ್ಳುತ್ತದೆ. ಹಾಗೆಯೇ ಬೇರೆಯವರ ತಪ್ಪಿನ ಎದುರು ಇವರ ಒಳ್ಳೆಯತನವನ್ನು ನಿಲ್ಲಿಸಬಾರದು. ‘ಉಳಿದವರು ಹಿರಿಯರನ್ನು ವಾಪಸು ಕಳುಹಿಸುತ್ತಿದ್ದಾಗ ನೀವು ಮಾತ್ರ’ ಎಂಬ ಸಾಲು ಮುಂದಕ್ಕೆ ರವಾನೆಯಾದರೆ, ಸವಿತಾ ಅವರು ಅದೇ ಉಳಿದವರ ಎದುರು ತಲೆ ತಗ್ಗಿಸಬೇಕಾಗುತ್ತದೆ.

ಇಷ್ಟನ್ನು ಮನಸ್ಸಿನಲ್ಲಿಟ್ಟು ಬರೆದ ಮೂರನೆಯ ಕರಡು ಇದು:

“ವಿಷಯ: ಅಧಿಕಾರಿ ಹುದ್ದೆಗೆ ಆಯ್ಕೆ – ಅಭಿನಂದನೆಗಳು

ಆತ್ಮೀಯ ಸವಿತಾ ಅವರೇ,

ಇಂದು ಬಂದ ಪಟ್ಟಿಯಲ್ಲಿ ನಿಮ್ಮ ಹೆಸರನ್ನು ಕಂಡು ಬಹಳ ಸಂತೋಷವಾಯಿತು. ಅಧಿಕಾರಿ ಹುದ್ದೆಗೆ ಆಯ್ಕೆಯಾದದ್ದಕ್ಕೆ ಹೃತ್ಪೂರ್ವಕ ಅಭಿನಂದನೆಗಳು.

ನಾವು ಒಂದೇ ಶಾಖೆಯಲ್ಲಿದ್ದಾಗ, ನವೆಂಬರ್ ಬಂತೆಂದರೆ ಪಿಂಚಣಿದಾರರ ಸಾಲು ಬಾಗಿಲಿನ ಆಚೆಗೂ ಬೆಳೆಯುತ್ತಿತ್ತು. ಬೆರಳಚ್ಚು ಮೂಡದ ಹಿರಿಯರನ್ನು ನೀವು ಪಕ್ಕದಲ್ಲಿ ಕೂರಿಸಿಕೊಂಡು, ನಮೂನೆ ತುಂಬಿಕೊಟ್ಟು, ಅಂದೇ ಅವರ ಕೆಲಸ ಮುಗಿಸಿ ಕಳುಹಿಸುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಈಗ ನನ್ನ ಶಾಖೆಯಲ್ಲಿಯೂ ನವೆಂಬರಿನಲ್ಲಿ ಕೌಂಟರಿನ ಪಕ್ಕ ಒಂದು ಕುರ್ಚಿ ಹಾಕಿಸುತ್ತೇನೆ. ಅದನ್ನು ನಿಮ್ಮಿಂದ ಕಲಿತೆ.

ಮುಂದಿನ ದಿನಗಳು ನಿಮಗೂ ಮನೆಯವರಿಗೂ ನೆಮ್ಮದಿ ತರಲಿ ಎಂದು ಹಾರೈಸುತ್ತೇನೆ. ಸಾಲದ ಕಡತಗಳ ಬಗ್ಗೆಯಾಗಲಿ ಮತ್ತಾವುದೇ ಕೆಲಸದ ಬಗ್ಗೆಯಾಗಲಿ ಏನಾದರೂ ಕೇಳಬೇಕೆನಿಸಿದರೆ ಸಂಕೋಚವಿಲ್ಲದೆ ಫೋನ್ ಮಾಡಿ.

ವಂದನೆಗಳೊಂದಿಗೆ,”

ಮೊದಲ ಕರಡಿನೊಂದಿಗೆ ಹೋಲಿಸಿದರೆ, ಇಲ್ಲಿನ ವಾಕ್ಯಗಳಲ್ಲಿ ‘ನಾನು’ ಅಥವಾ ‘ನೀವು’ ಕಣ್ಮರೆಯಾಗಿಲ್ಲ. ‘ಹಾರೈಸಲಾಗಿದೆ’ ಎಂಬುದರ ಬದಲು ‘ಹಾರೈಸುತ್ತೇನೆ’ ಎಂದಿದೆ. ಎರಡನೆಯದರೊಂದಿಗೆ ಹೋಲಿಸಿದರೆ, ಪ್ರೀತಿ ಕಡಿಮೆಯಾಗಿಲ್ಲ, ಆದರೆ ಅದು ಉದ್ಗಾರ ಚಿಹ್ನೆಗಳ ಬದಲು ಒಂದು ಕುರ್ಚಿಯ ನೆನಪಿನಲ್ಲಿದೆ. ಶಾಖೆಯ ಫಲಕದಲ್ಲಿ ಅಂಟಿಸಿದರೂ, ಅವರ ಅತ್ತೆ ಮಾವಂದಿರು ಓದಿದರೂ ಇದರ ಯಾವ ಸಾಲಿಗೂ ಯಾರೂ ಮುಜುಗರಪಡಬೇಕಾಗಿಲ್ಲ. ನಾನು ಕಳುಹಿಸುವ ಮೊದಲು ಪತ್ರವನ್ನು ಹೀಗೆಯೇ ಪರೀಕ್ಷಿಸಿಕೊಳ್ಳುತ್ತೇನೆ. ನೆರವಿನ ಮಾತನ್ನು ಕೊನೆಯಲ್ಲಿ ಸೇರಿಸಿದ್ದು ಪತ್ರ ಬರೆಯುವವರು ಆ ಕೆಲಸವನ್ನು ಬಲ್ಲವರಾದ್ದರಿಂದ. ತಮಗೆ ತಿಳಿಯದ ವಿಷಯದಲ್ಲಿ ನೆರವು ನೀಡುವ ಮಾತು ಬರೀ ಉಪಚಾರವಾಗುತ್ತದೆ, ಅಂಥವರು ಆ ಸಾಲನ್ನು ಬಿಟ್ಟುಬಿಡಬಹುದು.

ನೀವೂ ಅದೇ ಪರೀಕ್ಷೆ ಬರೆದು ಆಯ್ಕೆಯಾಗದೇ ಉಳಿದಿದ್ದರೆ ಆಯ್ಕೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ‘ನನಗೆ ಈ ಬಾರಿ ಆಗಲಿಲ್ಲ, ಆದರೂ ನಿಮಗಾದದ್ದು ಸಂತೋಷ’ ಎಂದು ಬರೆಯುವುದು ಪ್ರಾಮಾಣಿಕತೆ ಎನಿಸಬಹುದು. ಆದರೆ ಆ ‘ಆದರೂ’ ಓದುವವರನ್ನು ಸಮಾಧಾನ ಹೇಳುವ ಸ್ಥಾನಕ್ಕೆ ತಳ್ಳುತ್ತದೆ, ಅಭಿನಂದನೆ ಪಡೆಯಬೇಕಾದವರು ಸಾಂತ್ವನ ನೀಡಬೇಕಾಗುತ್ತದೆ. ನನಗೆ ಬಡ್ತಿಯಾದ ವರ್ಷ ಬಂದ ಪತ್ರಗಳಲ್ಲಿ ಇಂದಿಗೂ ಉಳಿಸಿಕೊಂಡಿರುವುದು ನನ್ನ ಜೊತೆಯಲ್ಲೇ ಓದಿ, ಪಟ್ಟಿಗೆ ಬಾರದೇ ಹೋದ ಸಹೋದ್ಯೋಗಿಯೊಬ್ಬರದು. ಅವರು ತಮ್ಮ ಬಗ್ಗೆ ಒಂದು ಮಾತನ್ನೂ ಬರೆದಿರಲಿಲ್ಲ. ‘ಆರು ತಿಂಗಳು ಬೆಳಗಿನ ಬಸ್ಸಿನಲ್ಲಿ ನೀವು ಪ್ರಶ್ನೆ ಕೇಳಿ ನಾನು ಉತ್ತರ ಹೇಳಿದ್ದು ಸಾರ್ಥಕವಾಯಿತು’ ಎಂದಷ್ಟೇ ಇತ್ತು. ಮನಸ್ಸು ಅಷ್ಟು ಹಗುರವಾಗಿರದಿದ್ದರೆ ಎರಡು ದಿನ ಬಿಟ್ಟು ಬರೆಯಿರಿ. ತಡವಾದ ಒಳ್ಳೆಯ ಪತ್ರಕ್ಕೆ ಕ್ಷಮೆ ಕೇಳಬೇಕಾಗಿಲ್ಲ.

ಕಳುಹಿಸುವಾಗ

ಎಲ್ಲರಿಗೂ ಹೋದ ಪ್ರಕಟಣೆಗೆ ‘ಎಲ್ಲರಿಗೂ ಉತ್ತರ’ ಒತ್ತಿ ಅಭಿನಂದಿಸುವುದು ಒಂದು ಸಾಲಿಗೆ ಮಾತ್ರ ಸರಿ. ಮೇಲಿನಂಥ ಪತ್ರವನ್ನು ಬೇರೆಯಾಗಿಯೇ ಕಳುಹಿಸಬೇಕು, ಅದೂ ಅವರ ಹೆಸರಿನಲ್ಲಿರುವ ವಿಳಾಸಕ್ಕೆ. ಶಾಖೆಯ ವಿಳಾಸಕ್ಕೆ ಹೋದದ್ದನ್ನು ಬೆಳಿಗ್ಗೆ ಗಣಕಯಂತ್ರ ತೆರೆದವರು ಯಾರಾದರೂ ಮೊದಲು ಓದುತ್ತಾರೆ. ಲಿಪಿಯ ಬಗ್ಗೆಯೂ ಒಂದು ಮಾತು: ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪು ಮಾಡಿ ಇಮೇಲಿಗೆ ಅಂಟಿಸಿದರೆ, ಆ ಕಡೆ ‘ಕನ್ನಡ’ ಎಂಬ ಪದ `PÀ£ÀßqÀ` ಎಂದು ಕಾಣಿಸುತ್ತದೆ. ಯೂನಿಕೋಡ್‌ನಲ್ಲಿ ಬರೆದು, ಮೊದಲು ನಿಮ್ಮದೇ ವಿಳಾಸಕ್ಕೆ ಕಳುಹಿಸಿ ಮೊಬೈಲಿನಲ್ಲಿ ತೆರೆದು ನೋಡಿದರೆ ಸಂಶಯ ತೀರುತ್ತದೆ.

ಮೂರನೆಯ ಕರಡಿನಲ್ಲಿ ನಾನು ಬೇಕೆಂದೇ ಮಾಡಿದ ಇನ್ನೊಂದು ಆಯ್ಕೆಯನ್ನು ಇಲ್ಲಿ ಹೇಳಬೇಕು. ‘ಅಧಿಕಾರಿಯಾದದ್ದಕ್ಕೆ’ ಎಂದು ಬರೆಯದೆ ‘ಆಯ್ಕೆಯಾದದ್ದಕ್ಕೆ’ ಎಂದು ಬರೆದಿದ್ದೇನೆ, ಹಾರೈಕೆಯಲ್ಲಿ ಹೊಸ ಹುದ್ದೆಯ ಹೆಸರೆತ್ತದೆ ‘ಮುಂದಿನ ದಿನಗಳು’ ಎಂದಿದ್ದೇನೆ. ಬ್ಯಾಂಕಿನ ಅಧಿಕಾರಿಯನ್ನು ದೇಶದ ಯಾವ ಭಾಗಕ್ಕಾದರೂ ವರ್ಗಾಯಿಸಬಹುದು. ಪಟ್ಟಿ ಬಂದ ದಿನಕ್ಕೂ ಹೊಸ ಜಾಗದಲ್ಲಿ ವರದಿ ಮಾಡಿಕೊಳ್ಳುವ ದಿನಕ್ಕೂ ನಡುವೆ, ಹೋಗಬೇಕೇ ಬೇಡವೇ ಎಂದು ಮನೆಯಲ್ಲಿ ರಾತ್ರಿಯೆಲ್ಲ ಮಾತುಕತೆ ನಡೆಯುವುದುಂಟು. ಪೋಸ್ಟಿಂಗ್ ದೂರದ ರಾಜ್ಯಕ್ಕೆ ಬಂದಾಗ ಬಡ್ತಿಯನ್ನೇ ನಿರಾಕರಿಸಿ ಗುಮಾಸ್ತರಾಗಿ ಉಳಿದವರು ಪ್ರತಿ ವರ್ಷವೂ ಇರುತ್ತಾರೆ, ಅವರಲ್ಲಿ ಮಕ್ಕಳು ಚಿಕ್ಕವರಿರುವ ತಾಯಂದಿರು ಹಲವರು. ‘ಇನ್ನು ಮುಂದೆ ಅಧಿಕಾರಿಯಾಗಿ ನಿಮ್ಮನ್ನು ಕಾಣಲು ಕಾದಿದ್ದೇನೆ’ ಎಂಬ ಸಾಲು ಅಂಥ ಮನೆಗೆ ತಲುಪಿದಾಗ ಒತ್ತಡವಾಗುತ್ತದೆ. ಆಯ್ಕೆಯಾದದ್ದು ಮಾತ್ರ ಯಾವ ತೀರ್ಮಾನದಿಂದಲೂ ಅಳಿಯದ ಸಂಗತಿ. ಸವಿತಾ ಅವರು ಹೋದರೂ ಸರಿ, ಹಳೆಯ ಕೌಂಟರಿನಲ್ಲೇ ಉಳಿದರೂ ಸರಿ, ಆ ಪತ್ರವನ್ನು ತೆಗೆದು ಮತ್ತೆ ಓದಬಹುದು. ಅವರು ಉಳಿಯುವ ತೀರ್ಮಾನ ಮಾಡಿದ ಸುದ್ದಿ ನಿಮಗೆ ತಿಳಿದರೆ, ಕಾರಣ ಕೇಳದೆ, ನವೆಂಬರಿನಲ್ಲಿ ಒಮ್ಮೆ ಫೋನ್ ಮಾಡಿ ಪಿಂಚಣಿದಾರರ ಸಾಲು ಈ ವರ್ಷ ಹೇಗಿದೆ ಎಂದು ವಿಚಾರಿಸಿ.